ಫೋಟೋದಲ್ಲೇ ನಕಲಿ ಹೆಲ್ಮೆಟ್ ಗುರುತಿಸುವ ಬಗೆ: ನನ್ನ ಅನುಭವ

ಹೆಲ್ಮೆಟ್ ಕೊಳ್ಳುವ ಮುನ್ನ ಅದರ ಫೋಟೋ ಕಳುಹಿಸಿ ಅಭಿಪ್ರಾಯ ಕೇಳುವ ಪರಿಚಿತರು ನನಗೆ ಹಲವರಿದ್ದಾರೆ. ಎದುರಿನಿಂದ ತೆಗೆದ ಚಂದದ ಚಿತ್ರದಿಂದ ಏನೂ ತಿಳಿಯುವುದಿಲ್ಲವಾದ್ದರಿಂದ, ಬೆಳಕು ಓರೆಯಾಗಿ ಬೀಳುವಂತೆ ತೆಗೆದ ಹೊರಕವಚದ ಚಿತ್ರ, ಗಲ್ಲಪಟ್ಟಿಯ ಎರಡೂ ತುದಿಗಳ ಚಿತ್ರ ಮತ್ತು ಐಎಸ್‌ಐ ಗುರುತಿನ ಹತ್ತಿರದ ಚಿತ್ರವನ್ನು ನಾನು ಕೇಳಿ ತರಿಸಿಕೊಳ್ಳುತ್ತೇನೆ.

ಇತ್ತೀಚೆಗೆ ಬಂದ ಒಂದು ಕಪ್ಪು ಹೆಲ್ಮೆಟ್ಟಿನ ಚಿತ್ರದಲ್ಲಿ, ಕವಚದ ಮೇಲೆ ಬಿದ್ದಿದ್ದ ಟ್ಯೂಬ್‌ಲೈಟಿನ ಪ್ರತಿಬಿಂಬ ನೇರವಾಗಿರದೆ ಅಲೆಯಲೆಯಾಗಿ ಮುರಿದಿತ್ತು. ಅಚ್ಚಿನ ಎರಡು ಭಾಗಗಳು ಸೇರಿದ ಗೆರೆಯನ್ನು ಉಜ್ಜದೆ ಬಣ್ಣ ಹೊಡೆದದ್ದೂ, ಅಂಚಿನ ರಬ್ಬರ್ ಪಟ್ಟಿ ಹಿಂಬದಿಯಲ್ಲಿ ಕೂಡುವೆಡೆ ಬಿರುಕು ಬಿಟ್ಟದ್ದೂ ಕಾಣುತ್ತಿತ್ತು. ಆದರೆ ಅಗ್ಗದ ಅಸಲಿ ಹೆಲ್ಮೆಟ್ಟಿನ ಬಣ್ಣವೂ ಒರಟಾಗಿರಬಹುದು, ನಕಲಿಯೂ ಕನ್ನಡಿಯಂತೆ ಹೊಳೆಯಬಹುದು. ಹಾಗಾಗಿ ಮೈಯ ಹೊಳಪನ್ನು ನಾನು ಅನುಮಾನಕ್ಕೆ ಕಾರಣವೆಂದು ಎಣಿಸುತ್ತೇನೆಯೇ ಹೊರತು ಸಾಕ್ಷಿಯೆಂದಲ್ಲ.

ಪಟ್ಟಿಯ ಹೊಲಿಗೆಗೆ ಅದಕ್ಕಿಂತ ಹೆಚ್ಚು ತೂಕವಿದೆ. ಬಕಲ್ಲಿನ ಒಳಗಿನಿಂದ ಮಡಚಿ ಬಂದ ಪಟ್ಟಿಯ ಮೇಲೆ ಒತ್ತಾದ ಅಡ್ಡಹೊಲಿಗೆಯೋ, ಚೌಕದೊಳಗೆ ಗುಣಿಸು ಚಿಹ್ನೆಯಂಥ ಹೊಲಿಗೆಯೋ ಇದ್ದು, ದಾರದ ಬಿಗಿತ ಎಲ್ಲೆಡೆ ಒಂದೇ ಸಮನಾಗಿರಬೇಕು. ಆ ಕಪ್ಪು ಹೆಲ್ಮೆಟ್ಟಿನಲ್ಲಿದ್ದುದು ಒಂದೇ ಸಾಲಿನ ಹೊಲಿಗೆ. ಕೊನೆಯಲ್ಲಿ ದಾರದ ತುದಿ ಜೋತುಬಿದ್ದಿತ್ತು. ಚಿತ್ರವನ್ನು ಹಿಗ್ಗಿಸಿದಾಗ, ಪಟ್ಟಿಯನ್ನು ಕವಚಕ್ಕೆ ಹಿಡಿದಿದ್ದ ರಿವೆಟ್ಟಿನ ಸುತ್ತ ನೇಯ್ಗೆಯ ಎಳೆಗಳು ಬಿಚ್ಚಿಕೊಂಡಿದ್ದವು.

ನಿರ್ಣಾಯಕವಾದದ್ದು ಗುರುತು. ಭಾರತದಲ್ಲಿ 2021ರ ಜೂನ್ 1ರಿಂದ ದ್ವಿಚಕ್ರ ಸವಾರರ ಹೆಲ್ಮೆಟ್ಟಿಗೆ ಐಎಸ್‌ಐ ಗುರುತು ಕಡ್ಡಾಯ. ಆ ಲಾಂಛನದ ಮೇಲ್ಗಡೆ IS 4151 ಎಂಬ ಮಾನಕ ಸಂಖ್ಯೆಯೂ, ಕೆಳಗಡೆ CM/L ಎಂದು ಆರಂಭವಾಗುವ ಪರವಾನಗಿ ಸಂಖ್ಯೆಯೂ ಇರಬೇಕು. ಗುರುತು ಸ್ಟಿಕರ್ ರೂಪದಲ್ಲಿದೆ ಎಂಬ ಮಾತ್ರಕ್ಕೆ ನಾನು ಅದನ್ನು ತಳ್ಳಿಹಾಕುವುದಿಲ್ಲ. ಮೇಲಿನ ಮತ್ತು ಕೆಳಗಿನ ಸಂಖ್ಯೆಗಳೆರಡೂ ಇವೆಯೇ, ಓದಲು ಬರುತ್ತವೆಯೇ ಎಂಬುದನ್ನು ಮೊದಲು ನೋಡುತ್ತೇನೆ. ನಮ್ಮ ಚಿತ್ರದಲ್ಲಿ ಸ್ಟಿಕರ್ ಹಿಂಬದಿಯಲ್ಲಿ ತುಸು ಓರೆಯಾಗಿ ಅಂಟಿತ್ತಾದರೂ ಎರಡೂ ಸಂಖ್ಯೆಗಳಿದ್ದವು.

ಇಲ್ಲಿಗೇ ನಿಲ್ಲುವವರು ಮೋಸಹೋಗುತ್ತಾರೆ, ಏಕೆಂದರೆ ಚಲಾವಣೆಯಲ್ಲಿರುವ ಸಂಖ್ಯೆಯನ್ನು ನಕಲು ಮಾಡುವುದು ಬಹಳ ಸುಲಭ. ನಾನು ಆ ಪರವಾನಗಿ ಸಂಖ್ಯೆಯನ್ನು, ಐಎಸ್‌ಐ ಗುರುತಿಗೆ ಪರವಾನಗಿ ಕೊಡುವ ಭಾರತೀಯ ಮಾನಕ ಬ್ಯೂರೋದ BIS Care ಆ್ಯಪ್‌ನಲ್ಲಿ ಹಾಕಿ, ಪರವಾನಗಿ ಜಾರಿಯಲ್ಲಿದೆಯೇ ಎಂಬುದರ ಜೊತೆಗೆ ಅದು ಯಾರ ಹೆಸರಿನಲ್ಲಿ, ಯಾವ ಮಾನಕಕ್ಕೆ ಇದೆ ಎಂಬುದನ್ನೂ ನೋಡಿದೆ. ಪರವಾನಗಿ ಜಾರಿಯಲ್ಲೇ ಇತ್ತು, ಮಾನಕವೂ ಹೆಲ್ಮೆಟ್ಟಿನದೇ. ಆದರೆ ಅಲ್ಲಿ ಕಂಡ ತಯಾರಕರ ಹೆಸರಿಗೂ ಒಳಚೀಟಿಯಲ್ಲಿದ್ದ ಹೆಸರಿಗೂ ಸಂಬಂಧವಿರಲಿಲ್ಲ. ಒಬ್ಬರು ತಯಾರಿಸಿ ಇನ್ನೊಬ್ಬರ ಬ್ರ್ಯಾಂಡಿನಲ್ಲಿ ಮಾರುವುದೂ ಉಂಟಾದ್ದರಿಂದ ತಯಾರಕರ ವಿಳಾಸವಿರುವ ಪೆಟ್ಟಿಗೆಯ ಚಿತ್ರವನ್ನು ಕೇಳಿದೆ. ಅದರ ಮೇಲೆ ವಿಳಾಸವೇ ಇರಲಿಲ್ಲ; ಹೊಲಿಗೆಯನ್ನೂ ಇದನ್ನೂ ಸೇರಿಸಿ ನೋಡಿ, ಕೊಳ್ಳಬೇಡಿ ಎಂದು ಬರೆದೆ.

ಒಳಗಿನ ಥರ್ಮೋಕೋಲ್ ಪದರದ ಸಾಂದ್ರತೆ ಫೋಟೋದಲ್ಲಿ ಕಾಣುವುದಿಲ್ಲ. ಆದ್ದರಿಂದ ಚಿತ್ರಗಳನ್ನು ನೋಡಿ ನಾನು ಬೇಡವೆಂದು ಖಚಿತವಾಗಿ ಹೇಳಬಲ್ಲೆ. ಸರಿಯಿದೆ ಎನ್ನಿಸಿದಾಗ ಮಾತ್ರ, ಕೈಗೆ ತೆಗೆದುಕೊಂಡು ಪಟ್ಟಿಯನ್ನು ಜಗ್ಗಿ ನೋಡಿಯೇ ಹಣ ಕೊಡಿ ಎನ್ನುತ್ತೇನೆ.