ಸ್ಮಾರ್ಟ್ ಬಲ್ಬಿನ ಬೆಳಕು ತಗ್ಗಿಸುವಾಗ ಬಣ್ಣವನ್ನೂ ತಗ್ಗಿಸಿ

ಸಂಜೆ ರೂಮು ಹಿತವಾಗಿ ಕಾಣಬೇಕಾದರೆ ಸ್ಮಾರ್ಟ್ ಬಲ್ಬಿನ ಬೆಳಕನ್ನು ಮಾತ್ರ ಕಡಿಮೆ ಮಾಡಬೇಡಿ, ಬಣ್ಣವನ್ನೂ ಜೊತೆಗೇ ಹಳದಿಯ ಕಡೆಗೆ ಇಳಿಸಿ. ಬೆಳಕಿನ ಬಣ್ಣದ ಅಳತೆ ಕೆಲ್ವಿನ್, ಅಂದರೆ K; ಅಂಕಿ ಇಳಿದಷ್ಟೂ ಬೆಳಕು ಹಳದಿ. ಓದಲು 4000K, ಪೂರ್ತಿ ಬೆಳಕು. ಊಟ ಮುಗಿಸಿ ಸುಮ್ನೆ ಕೂತು ಮಾತಾಡಲು 2200K, 25%. ಎರಡನ್ನೂ ಆ್ಯಪಿನಲ್ಲಿ ಒಂದೊಂದು ಸೀನ್ ಆಗಿ ಉಳಿಸಿಕೊಳ್ಳಿ. ಹಳೇ ತಂತಿ ಬಲ್ಬು ಮಂದವಾದಷ್ಟೂ ಕೆಂಪಗಾಗುತ್ತಿತ್ತು, ನಮ್ಮ ಕಣ್ಣಿಗೆ ಅದೇ ರೂಢಿ. ಬಿಳಿ ಬೆಳಕನ್ನೇ ತಗ್ಗಿಸಿದರೆ ಗೋಡೆ ಬೂದಿ ಬಣ್ಣಕ್ಕೆ ತಿರುಗಿ, ಮೋಡ ಕವಿದ ಮಧ್ಯಾಹ್ನದ ಹಾಗೆ ಕಾಣುತ್ತೆ. ಆದರೆ ಗೋಡೆಯಲ್ಲಿ ಮೊದಲೇ ಡಿಮ್ಮರ್ ಇರುವ ಲೈನಿಗೆ ಈ ಬಲ್ಬು ಹಾಕಬೇಡಿ. ಡಿಮ್ಮರ್ ಕರೆಂಟನ್ನು ತುಂಡು ತುಂಡು ಮಾಡಿ ಕಳಿಸುತ್ತೆ, ಬಲ್ಬಿನೊಳಗಿನ ಸರ್ಕ್ಯೂಟಿಗೆ ಅದು ಸಾಲದು. ಬಲ್ಬು ಮಿಣುಕಿದರೆ, ಗುಂಯ್ ಅಂದರೆ, ಆ್ಯಪಿನಲ್ಲಿ ಪದೇ ಪದೇ ಆಫ್‌ಲೈನ್ ತೋರಿಸಿದರೆ ಕಾರಣ ಬಹುಮಟ್ಟಿಗೆ ಇದೇ. ಅಲ್ಲಿಗೆ ಡಿಮ್ಮರ್‌ಗೆ ಹೊಂದುವ ಮಾಮೂಲಿ ಎಲ್‌ಇಡಿ ಸಾಕು. ಇನ್ನೊಂದು ತೊಂದರೆ, ಮನೆಯಲ್ಲಿ ಯಾರಾದರೂ ಗೋಡೆ ಸ್ವಿಚ್ ಆರಿಸಿಬಿಟ್ಟರೆ ಆ್ಯಪಿಗೆ ಬಲ್ಬು ಸಿಗೋದೇ ಇಲ್ಲ. (ಆರಿಸೇ ಆರಿಸ್ತಾರೆ, ಅಲ್ವಾ?) ಅದೇ ಕಂಪನಿಯ ಬ್ಯಾಟರಿ ರಿಮೋಟ್ ಇದ್ದರೆ ಸ್ವಿಚ್ಚಿನ ಪಕ್ಕದಲ್ಲೇ ಅಂಟಿಸಿ, ಕೈ ಅಲ್ಲಿಗೇ ಹೋಗುತ್ತೆ.