ಬೀದರಿನ ಮೋಡ, ಮಿಣುಕುವ ವಿಡಿಯೊ

ಮಹಮೂದ್ ಗವಾನ್ ಮದರಸಾದೊಳಗೆ ಟ್ರೈಪಾಡ್ ಇಡೋದಕ್ಕೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಹಾಗಾಗಿ ಮೋಡದ ಟೈಮ್‌ಲ್ಯಾಪ್ಸ್‌ಗೆ, ಅಂದ್ರೆ ಕೆಲ ಸೆಕೆಂಡಿಗೊಂದು ಫೋಟೊ ತೆಗೆದು ಸಾಲಾಗಿ ಓಡಿಸುವ ವಿಡಿಯೊಗೆ, ನಾನು ಕ್ಯಾಮೆರಾ ಇಟ್ಟಿದ್ದು ಹಳೇ ಊರಿನ ಗೆಳೆಯನೊಬ್ಬನ ಮಾಳಿಗಿ ಮೇಲೆ. ಅಲ್ಲಿಂದ ಉಳಿದಿರೋ ಒಂದೇ ಮಿನಾರು, ಅದರ ಹಿಂದೆ ಶ್ರಾವಣದ ಮೋಡ ಎರಡೂ ಒಂದೇ ಚೌಕಟ್ಟಿನಲ್ಲಿ ಸಿಗುತ್ತವೆ.

ಹೊಂದಿಸಿದ ಅಂತರಕ್ಕೆ ತಾನೇ ಕ್ಲಿಕ್ ಮಾಡಿಸುವ ಇಂಟರ್ವಲೋಮೀಟರಿನಲ್ಲಿ INTVL ಅಂದ್ರೆ ಎರಡು ಫೋಟೊಗಳ ನಡುವಿನ ಅಂತರ, N ಅಂದ್ರೆ ಒಟ್ಟು ಎಷ್ಟು ಫೋಟೊ. ಮಳೆಗಾಲದ ಮೋಡ ಬೇಗ ಓಡುತ್ತೆ, ಅದಕ್ಕೆ 5 ಸೆಕೆಂಡ್ ಸಾಕು. ಒಂದೂವರೆ ತಾಸಿಗೆ 1080 ಫೋಟೊ, ಸೆಕೆಂಡಿಗೆ 25ರಂತೆ ಓಡಿಸಿದರೆ 43 ಸೆಕೆಂಡಿನ ವಿಡಿಯೊ. ಗೆಳೆಯನ ಕಾಕಾ ಮೇಲೆ ಬಂದು, ‘ಇದು ಹಿಂಗೇ ಟಕ್ ಟಕ್ ಅಂತ ಎಷ್ಟೊತ್ತು ಬಡೀತದ್ರೀ?’ ಅಂದರು. ಕತ್ತಲಾಗೋ ತನಕ ಅಂದೆ.

ರಾತ್ರಿ ಲ್ಯಾಪ್‌ಟಾಪ್‌ನಲ್ಲಿ ನೋಡಿದರೆ, ವಿಡಿಯೊ ಸಾಯೋಕೆ ಬಂದ ಟ್ಯೂಬ್‌ಲೈಟಿನಂತೆ ಮಿಣುಕುತ್ತಿತ್ತು. ತಪ್ಪು ನನ್ನದೇ. ಕ್ಯಾಮೆರಾ Av ಮೋಡ್‌ನಲ್ಲಿತ್ತು. ಸೂರ್ಯ ಮೋಡದ ಹಿಂದೆ ಹೋಗಿ ಬಂದ ಹಾಗೆಲ್ಲ ಅದು ಶಟರ್ ವೇಗವನ್ನು ಮೆಟ್ಟಿಲು ಮೆಟ್ಟಿಲಾಗಿ ಬದಲಿಸುತ್ತಿತ್ತು. ಮರುದಿನ ಎಲ್ಲವನ್ನೂ ನಾವೇ ಹೊಂದಿಸುವ M ಮೋಡ್ ಹಾಕಿದೆ: ISO 100, f/8, 1/250. ವೈಟ್ ಬ್ಯಾಲೆನ್ಸ್ ‘ಡೇಲೈಟ್’ಗೆ ಕಟ್ಟಿಹಾಕಿದೆ, ಫೋಕಸ್ MF ಮಾಡಿದೆ.

ಮಿಣುಕು ಕಡಿಮೆಯಾಯಿತು, ಹೋಗಲಿಲ್ಲ. ಈ ಸಲ ಫೋಟೊಗಳನ್ನು ಒಂದೊಂದಾಗಿ ದಾಟಿಸಿ ಮಿನಾರಿನ ನೆರಳಿನ ಬದಿಯನ್ನಷ್ಟೇ ನೋಡಿದೆ. ಒಂದು ಫೋಟೊ ತುಸು ಬೆಳಕು, ಮುಂದಿನದು ಮಂಕು, ಅದರ ಮುಂದಿನದು ಮತ್ತೆ ಬೆಳಕು. ಮೋಡದ ನೆರಳಾಗಿದ್ದರೆ ಏರಿಳಿತ ಹತ್ತಾರು ಫೋಟೊಗಳಲ್ಲಿ ನಿಧಾನಕ್ಕೆ ಆಗಬೇಕಿತ್ತು. ಬಿಸಿಲು ಐದೈದು ಸೆಕೆಂಡಿಗೆ ಹೀಗೆ ಹೋಗಿ ಬರೋದಿಲ್ಲ. ಹಾಗಾದರೆ ಕುಣಿಯುತ್ತಿರೋದು ಲೆನ್ಸಿನ ಒಳಗೆ.

ಕಾರಣ ಇಷ್ಟೆ. f/8 ಅಂತ ಹೊಂದಿಸಿದ್ದರೂ ಲೆನ್ಸ್ ಸದಾ ಪೂರ್ತಿ ತೆರೆದೇ ಇರುತ್ತೆ. ಕ್ಲಿಕ್ ಆಗುವ ಗಳಿಗೆಯಲ್ಲಿ ಮಾತ್ರ ಒಳಗಿನ ಎಲೆಗಳು ಮುಚ್ಚಿ ಮತ್ತೆ ತೆರೆದುಕೊಳ್ಳುತ್ತವೆ. ಸಾವಿರ ಸಲ ಮುಚ್ಚಿದರೆ ಸಾವಿರ ಸಲವೂ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದೆ ಅದೇ ಜಾಗಕ್ಕೆ ಬಂದು ನಿಲ್ಲೋದಿಲ್ಲ. ಒಂದು ಫೋಟೊದಲ್ಲಿ ಇದು ಯಾರ ಕಣ್ಣಿಗೂ ಬೀಳಲ್ಲ, ಸಾಲಾಗಿ ಓಡಿಸಿದಾಗ ಬೀಳುತ್ತೆ.

ನನ್ನ ಕ್ಯಾನನ್‌ನಲ್ಲಿ ನಡೆದ ಉಪಾಯ: ಡೆಪ್ತ್ ಆಫ್ ಫೀಲ್ಡ್ ಪ್ರಿವ್ಯೂಗೆ ಹೊಂದಿಸಿದ ಗುಂಡಿ ಒತ್ತಿದರೆ ಎಲೆಗಳು f/8ಕ್ಕೆ ಮುಚ್ಚುತ್ತವೆ. ಗುಂಡಿ ಬಿಡದೆ, ಲೆನ್ಸ್ ತೆಗೆಯುವ ಬಟನ್ ಒತ್ತಿ, ಲೆನ್ಸನ್ನು ಒಂದಿಷ್ಟೇ ತಿರುಗಿಸಬೇಕು. ವಿದ್ಯುತ್ ಸಂಪರ್ಕ ಕಡಿದು ಎಲೆಗಳು ಅಲ್ಲೇ ಉಳಿಯುತ್ತವೆ, ಪರದೆ ಮೇಲೆ F00 ಅಂತ ಬರುತ್ತೆ. ಲೆನ್ಸ್ ಆಗ ಅರೆಬರೆ ಸಿಕ್ಕಿಕೊಂಡಿರುತ್ತೆ, ಟ್ರೈಪಾಡ್ ಎತ್ತಿಕೊಂಡು ಓಡಾಡಬೇಡಿ. ಅದರ ಮೇಲೆ ಬೆಳಕನ್ನು ಎಂಟನೇ ಒಂದಕ್ಕೆ ಇಳಿಸುವ, ಮೂರು ಸ್ಟಾಪಿನ ND8 ಫಿಲ್ಟರ್ ಹಾಕಿ ಶಟರ್ 1/30ಕ್ಕೆ ಇಳಿಸಿದೆ. ಶಟರ್ ತೀರಾ ವೇಗವಾಗಿದ್ದರೆ ಅದರ ಸಣ್ಣ ತಪ್ಪೂ ಎದ್ದು ಕಾಣುತ್ತೆ.

ಮೊದಲೇ ತೆಗೆದಿದ್ದ ಫೋಟೊಗಳನ್ನು ಎಸೆಯೋಕೆ ಮನಸ್ಸಾಗಲಿಲ್ಲ. ಅವಕ್ಕೆ ffmpeg ಅನ್ನೋ ವಿಡಿಯೊ ತಂತ್ರಾಂಶದ ಈ ಆಜ್ಞೆ, 3121 ನನ್ನ ಮೊದಲ ಫೋಟೊದ ಸಂಖ್ಯೆ:

```
ffmpeg -framerate 25 -start_number 3121 -i IMG_%04d.JPG -vf "deflicker=size=10,scale=1920:-2" -pix_fmt yuv420p moda.mp4
```

ಅಕ್ಕಪಕ್ಕದ ಹತ್ತು ಫೋಟೊಗಳ ಸರಾಸರಿ ಬೆಳಕಿಗೆ ಇದು ಪ್ರತಿಯೊಂದನ್ನೂ ಎಳೆದು ತರುತ್ತೆ. ಎಲೆಗಳ ಮಿಣುಕು ಬಹುಪಾಲು ಹೋಯಿತು. Av ಮೋಡ್‌ನ ಮೆಟ್ಟಿಲುಗಳು ಮಾತ್ರ ಮೆತ್ತಗಾದವು ಅಷ್ಟೆ, ಹೋಗಲಿಲ್ಲ.

ಕಾರ್ಡಿನ ಲೆಕ್ಕ ಸುಲಭ. ನನ್ನ RAW ಒಂದಕ್ಕೆ ಸುಮಾರು 25 ಎಂಬಿ, 1080 ಫೋಟೊಗೆ 27 ಜಿಬಿ. 32 ಜಿಬಿ ಕಾರ್ಡು ಅಂಚಿಗೆ ಬಂದು ನಿಲ್ಲುತ್ತೆ. ಮೋಡಕ್ಕೆ ನಾನು JPEG ಸಾಕು ಅನ್ನೋ ಪಕ್ಷದವ, 9 ಜಿಬಿಯೊಳಗೆ ಮುಗಿಯುತ್ತೆ.

ಬ್ಯಾಟರಿ ಇನ್ನೊಂದು ಪಾಠ ಕಲಿಸಿತು. LP-E10 ಒಂದೇ ಹಾಕಿಕೊಂಡು ಸಾವಿರ ಫೋಟೊ ನಂಬಿ ಕೂರೋ ಹಾಗಿಲ್ಲ, ನಡುವೆ ಬದಲಿಸಲು ಹೋದರೆ ಚೌಕಟ್ಟು ಅಲುಗಾಡುತ್ತೆ. ಅದಕ್ಕೆ ಬ್ಯಾಟರಿ ಜಾಗದಲ್ಲಿ ಕೂತು ಹೊರಗಿನ ಕರೆಂಟು ಕೊಡುವ ಡಮ್ಮಿ ಬ್ಯಾಟರಿ ತಂದು ಪವರ್ ಬ್ಯಾಂಕಿಗೆ ಜೋಡಿಸಿದೆ. ಇಪ್ಪತ್ತು ನಿಮಿಷಕ್ಕೆ ಟಕ್ ಟಕ್ ನಿಂತುಹೋಯಿತು, ಪವರ್ ಬ್ಯಾಂಕು ಇನ್ನೂ ತುಂಬಿಯೇ ಇತ್ತು! ಎರಡು ಕ್ಲಿಕ್ಕುಗಳ ನಡುವೆ ಕ್ಯಾಮೆರಾ ಎಳೆಯೋ ಕರೆಂಟು ತೀರಾ ಕಡಿಮೆ, ಫೋನ್ ತುಂಬಿತು ಅಂದುಕೊಂಡು ಅದು ತಾನೇ ಆಫ್ ಆಗಿತ್ತು. ಇಯರ್‌ಫೋನ್ ಚಾರ್ಜ್ ಮಾಡಲು ಸಣ್ಣ ಕರೆಂಟಿನ ಮೋಡ್ ಇರುವ ಬ್ಯಾಂಕು ಹಾಕಿದ ಮೇಲೆ ನಿಲ್ಲಲಿಲ್ಲ. ಲೈವ್ ವ್ಯೂ, ಫೋಟೊ ತೆಗೆದ ಮೇಲೆ ಪರದೆಯಲ್ಲಿ ಮೂಡೋ ಚಿತ್ರ ಎರಡನ್ನೂ ಬಂದ್ ಮಾಡಿದ್ದೇನೆ.

ಈಗ ಸಂಜೆ ನಾಲ್ಕೂವರೆಗೆ ಶುರು ಮಾಡಿ ಆರಕ್ಕೆ ನಿಲ್ಲಿಸುತ್ತೇನೆ. ಆಮೇಲೆ ಬೆಳಕು ಇಳಿಯೋ ವೇಗಕ್ಕೆ ಕಟ್ಟಿಹಾಕಿದ ಎಕ್ಸ್‌ಪೋಶರ್ ಸಾಲದು, ಮಿನಾರು ಕಪ್ಪಾಗಿಬಿಡುತ್ತೆ. ಮೊನ್ನೆ ಐದೂವರೆಗೇ ಮಳೆ ಬಂತು. ಕಾಕಾ ತಮ್ಮ ಕೊಡೆ ತಂದು ಕ್ಯಾಮೆರಾ ಮೇಲೆ ಹಿಡಿದರು. ಕೊನೆಯ ಮೂವತ್ತು ಫೋಟೊಗಳ ಮೇಲಂಚಿನಲ್ಲಿ ಕೊಡೆಯ ಕಡ್ಡಿ ಇದೆ.