ಡಾಲರ್ ಬಿಲ್ಲಿನಲ್ಲಿ ಮೊದಲು ಭಾಗಾಕಾರ ಮಾಡಿ ನೋಡಿ

ಕಾಫಿ ಹೊರಗೆ ಕಳಿಸುವವರಿಗೆ ಒಂದು ಮಾತು. ಕುಶಾಲನಗರದಿಂದ ಕಳಿಸಿದ ಕಂಟೇನರಿಗೆ ಹಡಗಿನ ಬಾಡಿಗೆ ಬಿಲ್ ಬಂತು. 1,850 ಡಾಲರ್, ದರ 86.40, ಮೊತ್ತ ₹1,61,690. ನೋಡಿದರೆ ಎಲ್ಲ ಸರಿ ಅನ್ನಿಸುತ್ತೆ, ಅಲ್ವಾ? ರೂಪಾಯಿ ಮೊತ್ತವನ್ನು ಡಾಲರಿನಿಂದ ಭಾಗಿಸಿದೆ. 87.40 ಬಂತು! ಬರೆದ ದರದಲ್ಲಾದರೆ ₹1,59,840 ಮಾತ್ರ. ಡಾಲರಿಗೆ ಒಂದು ರೂಪಾಯಿ ಸುಮ್ನೆ ಸೇರಿಸಿದ್ದಾರೆ.

ಆಮೇಲೆ ತಾರೀಕು. ನಮ್ಮ ಕೊಟೇಶನ್‌ನಲ್ಲಿ ಬಿಲ್ ಆಫ್ ಲೇಡಿಂಗ್, ಅಂದರೆ ಸರಕು ಹಡಗಿಗೆ ಹತ್ತಿಸಿದ್ದಕ್ಕೆ ಕೊಡುವ ರಸೀದಿ, ಅದರ ದಿನದ ರೆಫರೆನ್ಸ್ ದರ ಎಂದಿತ್ತು. ಅವರು ಹಾಕಿದ್ದು ಬಿಲ್ ಬರೆದ ದಿನದ್ದು. ಹಡಗಿಗೆ ಹತ್ತಿಸಿದ್ದು ಭಾನುವಾರ. ಡಾಲರಿನ ರೆಫರೆನ್ಸ್ ದರ ಪ್ರಕಟಿಸುವ ಸಂಸ್ಥೆ ಎಫ್‌ಬಿಐಎಲ್ ರಜಾ ದಿನ ಅದನ್ನು ಪ್ರಕಟಿಸುವುದಿಲ್ಲ. ಹಾಗಾಗಿ ಹಿಂದಿನ ಶುಕ್ರವಾರದ್ದು ತೆಗೆದುಕೊಂಡೆ, 85.20. ಅದರಂತೆ ₹1,57,620. ಒಟ್ಟು ₹4,070 ಜಾಸ್ತಿ ಕೇಳಿದ್ದರು.

ಮೇಲ್ ಮಾಡಿ, ಎರಡೂ ಲೆಕ್ಕ ಬರೆದು, ಆ ದಿನದ ದರದ ಪ್ರಿಂಟ್ ಸೇರಿಸಿದೆ. ತಿದ್ದಿದ ಬಿಲ್ ಬಂತು. ಆದರೆ ಕೊಟೇಶನ್‌ನಲ್ಲಿ "ಬ್ಯಾಂಕಿನ ಮಾರಾಟ ದರ" ಅಂತಿದ್ದರೆ ಈ ವಾದ ನಡೆಯುವುದಿಲ್ಲ, ಅದು ರೆಫರೆನ್ಸ್ ದರಕ್ಕಿಂತ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ. ರಜೆ ಬಂದರೆ ಯಾವ ದಿನದ ದರ ಎಂದು ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ.